ಒಂದು ಕಿವಿಯ ಹೆಡ್‌ಫೋನ್‌ಗೆ ಎಮಿಟರ್ ಫಾಲೋವರ್: ನನ್ನ ಅನುಭವ

ದಾವಣಗೆರೆಯ ಮಂಡಿಪೇಟೆ ಹತ್ತಿರ ನನ್ನದು ಆಂಪ್ಲಿಫೈಯರ್ ರಿಪೇರಿ ಅಂಗಡಿ. ಕಳೆದ ವರ್ಷ ಜಾತ್ರೆಗಳು ಶುರುವಾಗುವ ಹೊತ್ತಿಗೆ ನಾಟಕದ ಹಾರ್ಮೋನಿಯಂ ಮಾಸ್ತರೊಬ್ಬರು ಬಂದರು. ಹಾಡುವವರ ಮೈಕ್ ತಮ್ಮ ಒಂದು ಕಿವಿಗೆ ಕೇಳಬೇಕು, ಇನ್ನೊಂದು ಕಿವಿ ತಬಲಾಕ್ಕೆ ಬಿಟ್ಟಿರಬೇಕು ಅಂದರು. ಅವರ ಹೆಡ್‌ಫೋನ್ 32 ಓಮ್‌ನದು. ಮೈಕ್ ಪ್ರಿಆಂಪ್ ನಾನೇ ಮಾಡಿಕೊಟ್ಟಿದ್ದು. 12 ವೋಲ್ಟ್, ಬಿಸಿ547, ಕಲೆಕ್ಟರ್‌ಗೆ 4.7ಕೆ.

ಅಂಥ ಕಲೆಕ್ಟರ್‌ಗೆ 32 ಓಮ್ ನೇರವಾಗಿ ಕಟ್ಟಿದರೆ ಏನೂ ಉಳಿಯುವುದಿಲ್ಲ, ನಿಮಗೆ ಗೊತ್ತೇ ಇದೆ. ನಡುವೆ ಒಂದು ಎಮಿಟರ್ ಫಾಲೋವರ್ ಹಾಕುತ್ತೇನೆ ಅಂದೆ. ಪಕ್ಕದ ಅಂಗಡಿಯ ಅಣ್ಣ ನನಗಿಂತ ಹದಿನೈದು ವರ್ಷ ಹಳಬರು. "ಅದರಿಂದ ಆಗಲ್ಲ ಬಿಡು ತಮ್ಮಾ. ಫಾಲೋವರ್ ಹೆಡ್‌ಫೋನ್ ಎಳೆಯಲ್ಲ. ಒಂದು 386 ಐಸಿ ಹಾಕಿ ಮುಗಿಸು" ಅಂದರು. 386 ಹಾಕಿಯೂ ನೋಡಿದೆ. ಅದು ಸುಮ್ನೆ ಬಿಟ್ಟರೂ ಇಪ್ಪತ್ತು ಪಟ್ಟು ದೊಡ್ಡದು ಮಾಡುತ್ತದೆ, ಮೈಕ್ ಸುಮ್ಮನಿದ್ದಾಗ ಸುಯ್ ಅನ್ನುವ ಸದ್ದೂ ಜೊತೆಗೆ ದೊಡ್ಡದಾಯಿತು. ನನಗೆ ಬೇಕಿದ್ದದ್ದು ವೋಲ್ಟೇಜ್ ಅಲ್ಲ, ಕರೆಂಟು.

ಮೊದಲ ಸಲ ಕಲೆಕ್ಟರ್‌ನಿಂದ ನೇರವಾಗಿ ಇನ್ನೊಂದು ಬಿಸಿ547ರ ಬೇಸ್‌ಗೆ ಕೊಟ್ಟೆ. ಎಮಿಟರ್‌ಗೆ 1ಕೆ. ಕಲೆಕ್ಟರ್‌ನಲ್ಲಿ 6.6 ವೋಲ್ಟ್ ಇತ್ತು, ಎಮಿಟರ್‌ನಲ್ಲಿ ಸುಮಾರು 5.9 ಬಂತು. ಅಂದರೆ ಕರೆಂಟು 6 ಮಿಲಿಆಂಪ್. ಔಟ್‌ಪುಟ್‌ಗೆ ಕೈಗೆ ಸಿಕ್ಕ 10 ಮೈಕ್ರೋಫ್ಯಾರಡ್ ಹಾಕಿದ್ದೆ. ಸಣ್ಣ ರೇಡಿಯೊ ಕೇಳಿದ ಹಾಗಿತ್ತು, ತಗ್ಗು ಸ್ವರದ ಸದ್ದೇ ಇಲ್ಲ. 32 ಓಮ್‌ಗೆ 10 ಹಾಕಿದರೆ 500 ಹರ್ಟ್ಸ್‌ನ ಕೆಳಗಿನದೆಲ್ಲ ಕುಗ್ಗುತ್ತಾ ಹೋಗುತ್ತದೆ. 220 ಹಾಕಿದ ಮೇಲೆ ಅದು 22-23 ಹರ್ಟ್ಸ್‌ಗೆ ಇಳಿಯಿತು, ದನಿ ತುಂಬಿಕೊಂಡಿತು. ಆದರೆ ಮೆಲ್ಲಗೆ ಹಾಡಿದಾಗ ಮಾತ್ರ. ಏರು ದನಿ ಬಂದ ಕೂಡಲೇ ಕರಕರ.

ಎರಡು ದಿನ ನಾನು ಎಡವಿದ್ದು ಇಲ್ಲೇ. ಔಟ್‌ಪುಟ್ ರೆಸಿಸ್ಟೆನ್ಸ್ ಅಳೆದೆ. ಮೊಬೈಲ್‌ನಿಂದ 400 ಹರ್ಟ್ಸ್ ಟೋನ್ ಕೊಟ್ಟು, ಲೋಡ್ ಇಲ್ಲದೆ 100 ಮಿಲಿವೋಲ್ಟ್ ಬರುವ ಹಾಗೆ ಇಟ್ಟೆ. 32 ಓಮ್ ರೆಸಿಸ್ಟರ್ ಕಟ್ಟಿದಾಗ 53ಕ್ಕೆ ಇಳಿಯಿತು. 100ನ್ನು 53ರಿಂದ ಭಾಗಿಸಿ, ಒಂದು ಕಳೆದು, 32ರಿಂದ ಗುಣಿಸಿದರೆ 28 ಓಮ್. ಲೆಕ್ಕಕ್ಕೂ ಅದೇ ಬರುತ್ತದೆ. 26 ಮಿಲಿವೋಲ್ಟನ್ನು 6 ಮಿಲಿಆಂಪ್‌ನಿಂದ ಭಾಗಿಸಿದರೆ 4 ಓಮ್ ಚಿಲ್ಲರೆ. ಹಿಂದಿನ 4.7ಕೆಯನ್ನು ಬೀಟಾ 200ರಿಂದ ಭಾಗಿಸಿದರೆ 23. ಎರಡೂ ಸೇರಿ 28. ಇಷ್ಟು ಕಡಿಮೆ ಇದ್ದರೂ ದನಿ ಯಾಕೆ ಒಡೆಯುತ್ತಿದೆ ಅಂತ ತಲೆ ಕೆಡಿಸಿಕೊಂಡೆ.

ಆ 28 ಓಮ್ ಸಣ್ಣ ಸಿಗ್ನಲ್‌ನ ಲೆಕ್ಕ ಮಾತ್ರ. ಅಲೆ ಮೇಲೆ ಹೋಗುವಾಗ ಟ್ರಾನ್ಸಿಸ್ಟರ್ ತಳ್ಳುತ್ತದೆ, ತೊಂದರೆ ಇಲ್ಲ. ಕೆಳಗೆ ಬರುವಾಗ ಅದು ಎಳೆಯಲಾರದು, ಎಳೆಯಬೇಕಾದ್ದು 1ಕೆ ರೆಸಿಸ್ಟರ್. ಟ್ರಾನ್ಸಿಸ್ಟರ್ ಪೂರ್ತಿ ಕಟ್ ಆದಾಗ ಕೆಪಾಸಿಟರ್‌ನಲ್ಲಿರುವ 5.9 ವೋಲ್ಟ್ 1ಕೆ ಮತ್ತು 32 ಓಮ್ ನಡುವೆ ಹಂಚಿಕೊಳ್ಳುತ್ತದೆ. ಹೆಡ್‌ಫೋನ್‌ಗೆ ಸಿಗುವುದು 0.18 ವೋಲ್ಟ್. ಕೆಳಗಿನ ಅಲೆ ಅದಕ್ಕಿಂತ ಇಳಿಯಲು ಸಾಧ್ಯವೇ ಇಲ್ಲ.

ನನ್ನ ಹತ್ತಿರ ಆಗ ಸ್ಕೋಪ್ ಇರಲಿಲ್ಲ. ಮಲ್ಟಿಮೀಟರ್‌ನಲ್ಲೇ ಕಂಡುಹಿಡಿದೆ, ಇದನ್ನು ನೀವೂ ಮಾಡಿ ನೋಡಿ. ಮೀಟರನ್ನು ಡಿಸಿಗೆ ಇಟ್ಟು ಎಮಿಟರ್‌ಗೆ ಹಿಡಿಯಿರಿ. ಮೈಕ್ ಸುಮ್ಮನಿದ್ದಾಗ 5.9. ಜೋರಾಗಿ ಹಾಡಿದಾಗ ನನ್ನದು ಕಾಲು ವೋಲ್ಟ್‌ನಷ್ಟು ಮೇಲೇರಿತು. ಒಂದೇ ಕಡೆ ಕತ್ತರಿಸಿದ ಅಲೆ ಕೆಪಾಸಿಟರನ್ನು ಜಾಸ್ತಿ ತುಂಬಿಸಿಬಿಡುತ್ತದೆ. ಸರಿಯಾಗಿ ನಡೆಯುವ ಫಾಲೋವರ್‌ನಲ್ಲಿ ಡಿಸಿ ಅಲ್ಲಾಡಬಾರದು.

ರೋಗ ಗೊತ್ತಾದ ಖುಷಿಗೆ ಎಮಿಟರ್‌ಗೆ 100 ಓಮ್ ಹಾಕಿಬಿಟ್ಟೆ. ಕರೆಂಟು 50 ಮಿಲಿಆಂಪ್ ದಾಟಿತು. ಬಿಸಿ547 ಮುಟ್ಟಲಾಗದಷ್ಟು ಕಾಯಿತು. ಆ ಎರಡು ದಿನದಲ್ಲಿ ಐದೋ ಆರೋ ಟ್ರಾನ್ಸಿಸ್ಟರ್ ಹೋದವು. ಎರಡು ರೂಪಾಯಿಯ ಸಾಮಾನು ನಿಜ, ಆದರೆ ಹೋದ ಸಮಯಕ್ಕೆ ಬೆಲೆ ಯಾರು ಕೊಡುತ್ತಾರೆ?

ಆಮೇಲೆ 220 ಓಮ್‌ಗೆ ಬಂದೆ. ಕರಕರ ಬಹಳ ಕಡಿಮೆಯಾಯಿತು, ಆದರೆ ಸದ್ದು ನಾನು ಎಣಿಸಿದಷ್ಟು ಏರಲಿಲ್ಲ. ಕಾರಣ ಆ 23 ಓಮ್. ಕರೆಂಟು ಎಷ್ಟು ಏರಿಸಿದರೂ ಟ್ರಾನ್ಸಿಸ್ಟರ್‌ನ ಸ್ವಂತ 4 ಓಮ್ 1 ಆಗುತ್ತದೆ ಅಷ್ಟೇ, ಹಿಂದಿನ ಕಲೆಕ್ಟರ್ ರೆಸಿಸ್ಟರ್‌ನ ಪಾಲು ಹಾಗೇ ಉಳಿಯುತ್ತದೆ. ಜೊತೆಗೆ ಬೇಸ್ ಕರೆಂಟು 4.7ಕೆಯಲ್ಲೇ ಹರಿಯುವುದರಿಂದ ಕಲೆಕ್ಟರ್ ವೋಲ್ಟೇಜ್ 6.6ರಿಂದ 6ರ ಹತ್ತಿರಕ್ಕೆ ಕುಸಿದಿತ್ತು. ಲೆವೆಲ್ ಇಳಿಯುವುದು ಬರೀ 0.65 ಅಂತ ನಾವು ಬಾಯಲ್ಲಿ ಹೇಳುತ್ತೇವೆ. ಭಾರ ಜಾಸ್ತಿಯಾದರೆ ಹಿಂದಿನ ಹಂತವೂ ಇಳಿಯುತ್ತದೆ.

ಕೊನೆಗೆ ಗೆದ್ದದ್ದು ಎರಡು ಹಂತದಲ್ಲಿ. ಮೊದಲು ಬಿಸಿ547, ಅದರ ಎಮಿಟರ್‌ಗೆ 4.7ಕೆ. ಅಲ್ಲಿಂದ ಎಸ್‌ಎಲ್100, ಅದರ ಎಮಿಟರ್‌ಗೆ ಅರ್ಧ ವಾಟಿನ 220 ಓಮ್. ಈಗ ಕಲೆಕ್ಟರ್ 6.6ರಲ್ಲೇ ನಿಂತಿತು. ಎರಡು ಸಲ 0.65 ಇಳಿದು ಕೊನೆಯ ಎಮಿಟರ್‌ನಲ್ಲಿ 5.3 ವೋಲ್ಟ್, ಕರೆಂಟು 24 ಮಿಲಿಆಂಪ್. ಕೆಳಗಿನ ಅಲೆಗೆ 0.67 ವೋಲ್ಟ್‌ವರೆಗೆ ಜಾಗ ಸಿಕ್ಕಿತು. ಅರ್ಧ ವೋಲ್ಟ್ ಪೀಕ್ ಅಂದರೇ 32 ಓಮ್‌ನಲ್ಲಿ 4 ಮಿಲಿವಾಟ್, ಒಂದು ಕಿವಿಗೆ ಧಾರಾಳ. ಮತ್ತೆ ಅಳೆದಾಗ 100 ಮಿಲಿವೋಲ್ಟ್ 93-94ಕ್ಕೆ ಮಾತ್ರ ಇಳಿಯಿತು. ಅಂದರೆ ಎರಡು ಓಮ್ ಆಸುಪಾಸು. ಡಿಸಿ ಮೀಟರ್ ಅಲ್ಲಾಡಲಿಲ್ಲ. ಅಣ್ಣನನ್ನು ಕರೆದು ಕಿವಿಗೆ ಹಾಕಿದೆ. ಎರಡು ನಿಮಿಷ ಸುಮ್ಮನೆ ಕೇಳಿ, "ಒಳಗೆ ಯಾವ ಐಸಿ ಹಾಕಿದ್ದೀಯ?" ಅಂದರು. ಮುಚ್ಚಳ ತೆಗೆದು ತೋರಿಸಿದೆ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಮೊದಲನೆಯದನ್ನು ಬಿಸಿ557 ಮಾಡಿ, ಅದರ ಎಮಿಟರನ್ನು 2.2ಕೆ ಮೂಲಕ 12 ವೋಲ್ಟ್‌ಗೆ ಕಟ್ಟಿದೆ. ಆಗ ಮೊದಲು 0.65 ಏರುತ್ತದೆ, ಆಮೇಲೆ ಎಸ್‌ಎಲ್100ರಲ್ಲಿ ಅಷ್ಟೇ ಇಳಿಯುತ್ತದೆ. 6.6 ಕೊಟ್ಟರೆ ಕೊನೆಯಲ್ಲಿ ಹೆಚ್ಚುಕಡಿಮೆ 6.6. ಹೆಡ್‌ಫೋನ್‌ಗೆ ಹೇಗೂ ಕೆಪಾಸಿಟರ್ ಬೇಕೇ ಬೇಕು, ಹಾಗಾಗಿ ಇಲ್ಲಿ ಈ ಜೋಡಿಯ ಅಗತ್ಯ ಬೀಳಲಿಲ್ಲ. ಮುಂದಿನ ಹಂತಕ್ಕೆ ಕೆಪಾಸಿಟರ್ ಇಲ್ಲದೆ ಜೋಡಿಸಬೇಕಾದಾಗ ಈಗ ಇದನ್ನೇ ಹಾಕುತ್ತೇನೆ. ಎಮಿಟರ್ ರೆಸಿಸ್ಟರ್ ಜಾಗದಲ್ಲಿ ಕರೆಂಟು ಕಟ್ಟಿಹಾಕುವ ಇನ್ನೊಂದು ಟ್ರಾನ್ಸಿಸ್ಟರ್ ಇಟ್ಟರೆ ಕೆಳಗಿನ ಅಲೆಗೆ ಇನ್ನೂ ಜಾಗ ಸಿಗುತ್ತದೆ. ಅದರ ರೆಸಿಸ್ಟರ್ ಅಳತೆಗಳನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಅಂಗಡಿಯ ಅನ್ನ.

ಸ್ಟೇಜ್ ಮೇಲೆ ಇನ್ನೊಂದು ತೊಂದರೆ ಕಾದಿತ್ತು. ಎಂಟು ಮೀಟರ್ ಶೀಲ್ಡ್ ವೈರ್ ಹಾಕಿದ ಕೂಡಲೇ ಸದ್ದಿಲ್ಲದೆ ಎಸ್‌ಎಲ್100 ಬಿಸಿಯಾಗತೊಡಗಿತು. ವೈರ್ ಹತ್ತಿರ ಕೈ ತಂದರೆ ಎಮಿಟರ್ ಡಿಸಿ ಬದಲಾಗುತ್ತಿತ್ತು. ಉದ್ದ ವೈರಿನ ಕೆಪಾಸಿಟಿಗೆ ಫಾಲೋವರ್ ಕಿವಿಗೆ ಕೇಳದಷ್ಟು ಮೇಲಿನ ಫ್ರೀಕ್ವೆನ್ಸಿಯಲ್ಲಿ ಆಸಿಲೇಟ್ ಆಗುತ್ತಿತ್ತು. ಎಸ್‌ಎಲ್100ರ ಬೇಸ್ ಕಾಲಿಗೆ ಅಂಟಿಕೊಂಡ ಹಾಗೆ 100 ಓಮ್ ಹಾಕಿದೆ, ನಿಂತಿತು. ಔಟ್‌ಪುಟ್ ರೆಸಿಸ್ಟೆನ್ಸ್ ಒಂದು ಓಮ್ ಏರಿರಬಹುದು, ಅಷ್ಟೇ.

ಎಸ್‌ಎಲ್100 ಇಪ್ಪತ್ತೈದು ರೂಪಾಯಿ, ಡಬ್ಬಿ, ಸಾಕೆಟ್, ವೈರ್, ಸುಟ್ಟದ್ದು ಎಲ್ಲ ಸೇರಿ 350ರಿಂದ 400 ಖರ್ಚಾಯಿತು. ಮಾಸ್ತರು 600 ಕೊಟ್ಟರು. ಆ ಹಂಗಾಮಿನಲ್ಲೇ ಅವರ ಕಂಪನಿಯ ಇನ್ನಿಬ್ಬರು ಇದೇ ಡಬ್ಬಿ ಕೇಳಿಕೊಂಡು ಬಂದರು. ಎರಡನೆಯದನ್ನು ಒಂದು ಸಂಜೆಯಲ್ಲಿ ಮುಗಿಸಿದೆ.