ಸ್ನೇಹ ಸಮ್ಮೇಳನದ ವಿಡಿಯೊ ಚಿಕ್ಕದು ಮಾಡಿಸಲು ಎಡಿಟರ್‌ಗೆ ಚೀಟಿ ಬರೆಯುವುದು ಹೇಗೆ?

‘ಚೆನ್ನಾಗಿರುವುದನ್ನೆಲ್ಲ ಇಟ್ಟು ಬೇಡದ್ದನ್ನು ತೆಗೆ, ಪಾಲಕರಿಗೆ ಕಳಿಸಬೇಕು.’ ಡಿಸೆಂಬರ್ ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲೆಯ ಎಷ್ಟೋ ಶಾಲೆಗಳಿಂದ ಇಷ್ಟೇ ಬರೆದ ಚೀಟಿಯೊಂದು ಪೆನ್‌ಡ್ರೈವ್ ಜೊತೆಗೆ ಹೊರಡುತ್ತದೆ. ಪಡೆಯುವವನು ಸಾಮಾನ್ಯವಾಗಿ ಹಳೆಯ ವಿದ್ಯಾರ್ಥಿ. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುತ್ತಾನೆ, ಅಕ್ಕೋರು ಕೇಳಿದರೆಂದು ದುಡ್ಡಿಲ್ಲದೆ ರಾತ್ರಿ ಕೂತು ಮಾಡಿಕೊಡುತ್ತಾನೆ. ಆದರೆ ಅವನಿಗೆ ಈಗಿನ ಮಕ್ಕಳ ಮುಖ ಪರಿಚಯವಿಲ್ಲ. ಅವನ ಕಣ್ಣಿಗೆ ‘ಚೆನ್ನಾಗಿರುವುದು’ ಎಂದರೆ ಮುಂದಿನ ಸಾಲಿನಲ್ಲಿ ಚುರುಕಾಗಿ ಕುಣಿದವರು. ಹಿಂದಿನ ಸಾಲಿನ ಮಗುವಿನ ತಾಯಿ ವಿಡಿಯೊ ಪೂರ್ತಿ ನೋಡಿ ‘ನಮ್ಮ ಪಾಪು ಎಲ್ಲಿ?’ ಎಂದು ಶಾಲೆಗೆ ಫೋನ್ ಮಾಡುವುದು ಇದರಿಂದಲೇ. ಯಾವ ಮಗು ಯಾವಾಗ ಕ್ಯಾಮೆರಾದ ಎದುರು ಬರುತ್ತದೆ ಎಂಬುದು ಕಲಿಸಿದವರಿಗೆ ಮಾತ್ರ ಗೊತ್ತು. ಅದು ಚೀಟಿಯಲ್ಲಿ ಇರಲೇಬೇಕು.

ಮೊದಲು ಲೆಕ್ಕ

ಕರಾವಳಿಯ ಹಿರಿಯ ಪ್ರಾಥಮಿಕ ಶಾಲೆಯೊಂದರ ರೆಕಾರ್ಡಿಂಗ್ 3 ಗಂಟೆ 20 ನಿಮಿಷ, ಅಂದರೆ 200 ನಿಮಿಷ ಇದೆ ಎಂದುಕೊಳ್ಳಿ. ಸ್ವಾಗತ, ವರದಿ ವಾಚನ, ಭಾಷಣಗಳಿಗೆ 70 ನಿಮಿಷ ಹೋಗಿದೆ. ಬಹುಮಾನ ವಿತರಣೆಗೆ 35, ವೇದಿಕೆ ಖಾಲಿ ಇದ್ದ ಹೊತ್ತು 25. ಮಕ್ಕಳ 14 ಕಾರ್ಯಕ್ರಮಗಳು ಸೇರಿ 70 ನಿಮಿಷ. ಈಗ ‘ಮಕ್ಕಳದ್ದೆಲ್ಲ ಇರಲಿ, ಅರ್ಧ ಗಂಟೆಗೆ ಇಳಿಸು’ ಎಂದು ಬರೆದರೆ ಅದು ಆಗದ ಮಾತು. ಯಾವುದನ್ನು ಬಿಡಬೇಕೆಂದು ಎಡಿಟರ್ ತಾನೇ ತೀರ್ಮಾನಿಸುತ್ತಾನೆ, ಬೈಗುಳ ಅಕ್ಕೋರಿಗೆ ಬರುತ್ತದೆ.

ನನ್ನ ಪ್ರಕಾರ ಇಂಥ ರೆಕಾರ್ಡಿಂಗ್‌ಗೆ 45 ನಿಮಿಷ ಸರಿಯಾದ ಅಳತೆ. ಯಕ್ಷಗಾನಕ್ಕೆ 5 ನಿಮಿಷ, ಉಳಿದ 13 ಕಾರ್ಯಕ್ರಮಗಳಿಗೆ ತಲಾ ಎರಡೂಕಾಲು ನಿಮಿಷದ ಆಸುಪಾಸು ಕೊಟ್ಟರೆ 35 ನಿಮಿಷದ ಒಳಗೆ ಮುಗಿಯುತ್ತದೆ. ಉಳಿದ ಹತ್ತರಲ್ಲಿ ದೀಪ ಬೆಳಗುವುದು, ಭಾಷಣಗಳ ತುಣುಕು, ಬಹುಮಾನ, ಹೆಸರಿನ ಫಲಕ ಎಲ್ಲಕ್ಕೂ ಜಾಗವಿದೆ. ಭಾಷಣಕ್ಕೆ ಎರಡು ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ. ಅತಿಥಿಗಳು ಬೇಸರಪಟ್ಟುಕೊಂಡರೆ ಅವರ ಭಾಷಣವನ್ನು ಬೇರೆ ಫೈಲಾಗಿ ಪೂರ್ತಿ ಕಳಿಸಿ.

ಯಾವ ಪ್ರತಿ ನೋಡಿ ಬರೆಯುತ್ತಿದ್ದೀರಿ?

ಎಡಿಟರ್ ಕೈಯಲ್ಲಿ ಇರುವ ಫೈಲನ್ನೇ ನೀವೂ ನೋಡಬೇಕು. ಕ್ಯಾಮೆರಾ ಇಡೀ ರಾತ್ರಿಯನ್ನು ಒಂದೇ ಫೈಲಾಗಿ ಉಳಿಸುವುದು ಅಪರೂಪ. ಹಲವು ಕ್ಯಾಮೆರಾಗಳು 4 ಜಿಬಿ ತುಂಬಿದ ಕೂಡಲೇ ಹೊಸ ಫೈಲ್ ಶುರು ಮಾಡುತ್ತವೆ. ನಡುವೆ ಕ್ಯಾಮೆರಾ ಆಫ್ ಆಗಿ ಮತ್ತೆ ಹಚ್ಚಿದರಂತೂ ಹೊಸ ಫೈಲೇ. ಪ್ರತಿ ಫೈಲಿನ ಸಮಯವೂ ಸೊನ್ನೆಯಿಂದ ಆರಂಭ. ಹಾಗಾಗಿ ‘ಸುಗ್ಗಿ ಕುಣಿತ 12 ನಿಮಿಷಕ್ಕೆ ಬರುತ್ತದೆ’ ಎಂದಷ್ಟೇ ಬರೆದರೆ ಯಾವ ಫೈಲಿನ 12 ಎಂದು ತಿಳಿಯುವುದಿಲ್ಲ. C0003.MP4 ಎಂಬಂಥ ಫೈಲ್ ಹೆಸರನ್ನು ಇದ್ದ ಹಾಗೇ ಬರೆಯಿರಿ. ಸ್ಟುಡಿಯೊದವರು ಡಿವಿಡಿ ಕೊಟ್ಟಿದ್ದರೆ VTS_01_1.VOB ಎಂಬ ಥರದ ಹೆಸರುಗಳಿರುತ್ತವೆ, ಅದು ಈಗಾಗಲೇ ಗುಣಮಟ್ಟ ಇಳಿಸಿದ ಪ್ರತಿ. ಮೂಲ ಫೈಲುಗಳನ್ನೇ ಕೇಳಿ ಪಡೆಯಿರಿ. ವಾಟ್ಸ್‌ಆ್ಯಪ್‌ನಲ್ಲಿ ಬಂದ ತುಣುಕು ನೋಡಿ ಸಮಯ ಬರೆಯುವುದು ಬೇಡವೇ ಬೇಡ.

ಪೆನ್‌ಡ್ರೈವ್ ಬಗ್ಗೆ ಒಂದು ಮಾತು. ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರುವುದಕ್ಕೆ 4 ಜಿಬಿಗಿಂತ ದೊಡ್ಡ ಫೈಲ್ ಹೋಗುವುದಿಲ್ಲ, ಎಕ್ಸ್‌ಫ್ಯಾಟ್ ಮಾಡಿಸಿಕೊಳ್ಳಿ. ಸಂತೆಯಲ್ಲಿ ಅಗ್ಗಕ್ಕೆ ಸಿಗುವ ಹೆಸರಿಲ್ಲದ ಪೆನ್‌ಡ್ರೈವ್ ಮುಟ್ಟಬೇಡಿ. ಮೇಲೆ ಬರೆದಷ್ಟು ಜಾಗ ಒಳಗಿರದೆ, ಕಾಪಿ ಆದಂತೆ ಕಂಡ ಫೈಲುಗಳು ತೆರೆಯದೇ ಹೋಗುವುದುಂಟು.

ಕತ್ತರಿಸುವ ಜಾಗ ಗುರುತಿಸುವುದು

ಎಲ್ಲರೂ ಎಡವುವುದು ಇಲ್ಲೇ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ತೆರೆದು ಫೈಲ್ ಹಾಕಿ, ಪಕ್ಕದಲ್ಲಿ ಹಾಳೆ ಇಟ್ಟುಕೊಳ್ಳಿ. Ctrl+T ಒತ್ತಿದರೆ ಬೇಕಾದ ಸಮಯಕ್ಕೆ ನೇರ ಹಾರಬಹುದು. ಸಮಯವನ್ನು ಯಾವಾಗಲೂ ಗಂಟೆ, ನಿಮಿಷ, ಸೆಕೆಂಡು ಮೂರೂ ಕಾಣುವ ಹಾಗೆ 00:12:48 ಎಂದೇ ಬರೆಯಿರಿ. ‘12.30’ ಎಂದರೆ ಹನ್ನೆರಡೂವರೆ ನಿಮಿಷವೋ, ಹನ್ನೆರಡು ಗಂಟೆ ಮೂವತ್ತು ನಿಮಿಷವೋ, ಗಡಿಯಾರದ ಹೊತ್ತೋ ಎಂಬ ಗೊಂದಲ ಖಂಡಿತ.

‘ಮೊದಲ ಎರಡು ನಿಮಿಷ ಇರಲಿ, ಉಳಿದದ್ದು ಬೇಡ’ ಎಂಬುದು ಸುಲಭದ ದಾರಿ, ಅದೇ ಕೆಟ್ಟ ದಾರಿ ಕೂಡ. ಹದಿನಾರು ಮಕ್ಕಳು ಎಂಟೆಂಟರ ಎರಡು ಸಾಲಿನಲ್ಲಿ ನಿಂತ ನೃತ್ಯ ತೆಗೆದುಕೊಳ್ಳಿ. ಪಲ್ಲವಿಗೂ ಮೊದಲ ಚರಣಕ್ಕೂ ಮುಂದಿನ ಸಾಲಿನವರೇ ಮುಂದೆ. ಎರಡನೇ ಚರಣಕ್ಕೆ ಸಾಲು ಬದಲಾಗಿ ಹಿಂದಿದ್ದ ಎಂಟು ಮಕ್ಕಳು ಮುಂದೆ ಬರುತ್ತಾರೆ. ಮೊದಲ ಎರಡು ನಿಮಿಷ ಮಾತ್ರ ಇಟ್ಟರೆ ಆ ಎಂಟು ಮಕ್ಕಳು ಇಡೀ ವಿಡಿಯೊದಲ್ಲಿ ಕೈ ಬಳೆಯಷ್ಟೇ ಕಾಣುತ್ತಾರೆ.

ಅದರ ಬದಲು ಹೀಗೆ ಮಾಡಿ. ಆರಂಭದ ಸಂಗೀತ ಮತ್ತು ಪಲ್ಲವಿ ಇರಲಿ. ಪಲ್ಲವಿಯ ಕೊನೆಯ ಪದ ಮುಗಿದಲ್ಲಿ ಕತ್ತರಿಸಿ, ನೇರವಾಗಿ ಎರಡನೇ ಚರಣದ ಮೊದಲ ಪದಕ್ಕೆ ಜೋಡಿಸಲು ಹೇಳಿ. ಹಾಡಿನಲ್ಲಿ ಎರಡೂ ಚರಣಗಳ ಹಿಂದೆ ಪಲ್ಲವಿಯೇ ಇರುವುದರಿಂದ ಕಿವಿಗೆ ಎಲ್ಲೂ ತುಂಡಾದಂತೆ ಕೇಳುವುದಿಲ್ಲ. ಕೊನೆಯ ಪಲ್ಲವಿ, ಮುಕ್ತಾಯದ ಭಂಗಿ, ಮೂರು ಸೆಕೆಂಡು ಚಪ್ಪಾಳೆ ಹಾಗೇ ಇರಲಿ. ಚಪ್ಪಾಳೆಯ ನಡುವೆ ಕತ್ತರಿಸಿದರೆ ಯಾರೋ ಬಾಯಿ ಮುಚ್ಚಿಸಿದ ಹಾಗಾಗುತ್ತದೆ, ಮೆಲ್ಲಗೆ ಇಳಿಸಲು ಬರೆಯಿರಿ.

ಸುಗ್ಗಿ ಕುಣಿತಕ್ಕೆ ಪಲ್ಲವಿ, ಚರಣದ ಲೆಕ್ಕ ಸಾಗುವುದಿಲ್ಲ. ಅಲ್ಲಿ ಸುತ್ತು ನೋಡಬೇಕು. ಮಕ್ಕಳು ವೃತ್ತದಲ್ಲಿ ಕುಣಿಯುವಾಗ ಒಂದು ಪೂರ್ತಿ ಸುತ್ತಿನಲ್ಲಿ ಎಲ್ಲರ ಮುಖವೂ ಒಮ್ಮೆ ಕ್ಯಾಮೆರಾದ ಎದುರು ಹಾದುಹೋಗುತ್ತದೆ. ಗುರುತು ಹಿಡಿಯಲು ಸುಲಭವಾದ ಒಂದು ತುರಾಯಿ ಆರಿಸಿಕೊಳ್ಳಿ. ಅದು ಎದುರಿಗೆ ಬಂದ ಸಮಯ ಬರೆದು, ಮತ್ತೆ ಅದೇ ತುರಾಯಿ ಎದುರಿಗೆ ಬರುವವರೆಗೆ ಬಿಡಿ. ಜೋಡಣೆ ಗುಮಟೆಯ ಪೆಟ್ಟಿನ ಮೇಲೇ ಬೀಳಬೇಕೆಂದು ಎಡಿಟರ್‌ಗೆ ತಿಳಿಸಿ. ಪೆಟ್ಟುಗಳ ಮಧ್ಯೆ ಕತ್ತರಿ ಬಿದ್ದರೆ ಮಕ್ಕಳ ಹೆಜ್ಜೆ ತಪ್ಪಿದಂತೆ ಕಾಣುತ್ತದೆ, ತಪ್ಪು ಅವರದ್ದಲ್ಲದಿದ್ದರೂ.

ಚೀಟಿಯಲ್ಲಿ ಒಂದು ಕಾರ್ಯಕ್ರಮಕ್ಕೆ ಇಷ್ಟು ಬರೆದರೆ ಸಾಕು:

*ಕಾರ್ಯಕ್ರಮ 6: ಸುಗ್ಗಿ ಕುಣಿತ, ಐದನೇ ತರಗತಿ. ಫೈಲ್ C0003.MP4.*
*ಇಡಬೇಕು: 00:12:48 ರಿಂದ 00:13:50. ಎಡಗಡೆಯಿಂದ ಸಾಲಾಗಿ ಬಂದು ವೃತ್ತ ಕಟ್ಟುವವರೆಗೆ.*
*ಇಡಬೇಕು: 00:16:05 ರಿಂದ 00:17:30. ಹಳದಿ ಹೂವಿನ ತುರಾಯಿಯ ಹುಡುಗ ಎದುರಿಗೆ ಬಂದಲ್ಲಿಂದ ಶುರು. ಒಂದು ಸುತ್ತು ಪೂರ್ತಿ ಬೇಕು, ಕೊನೆಗೆ ಚಪ್ಪಾಳೆ.*
*ಒಟ್ಟು 2 ನಿಮಿಷ 27 ಸೆಕೆಂಡು. ಒಂದೆರಡು ಸೆಕೆಂಡು ಆಚೀಚೆ ನಿನಗೆ ಬಿಟ್ಟದ್ದು, ಸುತ್ತು ಮಾತ್ರ ಕಡಿಯಬೇಡ.*

ಸಮಯದ ಜೊತೆಗೆ ಕಣ್ಣಿಗೆ ಕಾಣುವ ಗುರುತೊಂದನ್ನು ಬರೆಯುವುದರಲ್ಲಿ ಅರ್ಥವಿದೆ. ನೀವು ಅಂಕಿ ತಪ್ಪಾಗಿ ಬರೆದಿದ್ದರೆ ಅವನಿಗೆ ಅಲ್ಲೇ ತಿಳಿಯುತ್ತದೆ. ಕೊನೆಯ ಸಾಲೂ ಅಷ್ಟೇ ಮುಖ್ಯ. ಯಾವುದನ್ನು ಬದಲಿಸಬಹುದು, ಯಾವುದನ್ನು ಮುಟ್ಟಬಾರದು ಎಂದು ಅವನಿಗೆ ಗೊತ್ತಿರಬೇಕು.

ಯಕ್ಷಗಾನದಲ್ಲಿ ಕುಣಿತದ ಭಾಗ ಬೇಕೆಂದು ಮಾತನ್ನೆಲ್ಲ ತೆಗೆಸುವ ಅಭ್ಯಾಸ ಒಳ್ಳೆಯದಲ್ಲ. ಮಕ್ಕಳು ತಿಂಗಳುಗಟ್ಟಲೆ ಬಾಯಿಪಾಠ ಮಾಡಿದ್ದು ಅರ್ಥಗಾರಿಕೆಯನ್ನೇ. ಪ್ರತಿ ವೇಷಕ್ಕೂ ಪ್ರವೇಶ ಮತ್ತು ಒಂದು ಮಾತು ಇರಲಿ. ಭಾಗವತರ ಪದ್ಯ ಮುಗಿದು ಚೆಂಡೆಯ ಮುಕ್ತಾಯದ ಪೆಟ್ಟು ಬಿದ್ದ ಮೇಲೆ ಕತ್ತರಿಸಿದರೆ ಸರಿಯಾಗುತ್ತದೆ, ಪದ್ಯದ ನಡುವೆ ಮಾತ್ರ ಬೇಡ.

ಬಹುಮಾನ, ಹೆಸರು

ಬಹುಮಾನ ಪಡೆದವರು 62 ಮಕ್ಕಳಾದರೆ ತಲಾ ನಾಲ್ಕು ಸೆಕೆಂಡಿನಂತೆ ನಾಲ್ಕು ನಿಮಿಷ ಸಾಕು. ತೊಡಕು ಏನೆಂದರೆ, ಹೆಸರು ಕರೆಯುವುದು ಮಗು ಪ್ರೇಕ್ಷಕರ ನಡುವೆ ಕೂತಿರುವಾಗ, ಬಹುಮಾನ ಕೈಗೆ ಬರುವುದು ಎಂಟ್ಹತ್ತು ಸೆಕೆಂಡಿನ ನಂತರ. ಆಗ ಮೈಕಿನಲ್ಲಿ ಮುಂದಿನ ಮಗುವಿನ ಹೆಸರು ಕೇಳುತ್ತಿರುತ್ತದೆ! ಚಿತ್ರ, ದನಿ ಎರಡನ್ನೂ ಒಟ್ಟಿಗೆ ಕತ್ತರಿಸಿದರೆ ಎಲ್ಲರಿಗೂ ಪಕ್ಕದವರ ಹೆಸರು ಅಂಟುತ್ತದೆ. ‘ಹೆಸರು ಕರೆದ ದನಿಯನ್ನು ಬಹುಮಾನ ಪಡೆಯುವ ಚಿತ್ರದ ಮೇಲೆ ಕೂರಿಸು’ ಎಂದು ಬರೆಯಿರಿ, ಮಕ್ಕಳು ಬಂದ ಕ್ರಮದ ಪಟ್ಟಿಯನ್ನೂ ಜೊತೆಗಿಡಿ. ಗೈರಾದವರ ಹೆಸರಿನ ಮುಂದೆ ಹಾಗೆಂದು ನಮೂದಿಸಿ.

ಪರದೆಯ ಮೇಲೆ ಹಾಕುವ ಕಾರ್ಯಕ್ರಮದ ಹೆಸರುಗಳನ್ನು ಯೂನಿಕೋಡ್‌ನಲ್ಲಿ ಟೈಪ್ ಮಾಡಿ ಕಳಿಸಿ. ನುಡಿಯ ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಪಟ್ಟಿ ಎಡಿಟರ್‌ನ ಕಂಪ್ಯೂಟರ್‌ನಲ್ಲಿ ಬರೀ ಚಿಹ್ನೆಗಳಾಗಿ ಕಾಣುತ್ತದೆ. ಫೋನಿನಲ್ಲಿ ಟೈಪ್ ಮಾಡಿದರೆ ಈ ತೊಂದರೆಯಿಲ್ಲ. ಒತ್ತಕ್ಷರ ಒಡೆದಿಲ್ಲವೇ ಎಂದು ನೋಡಲೂ ಹೇಳಿ.

ಮುಖ ತೋರಿಸುವುದು ಬೇಡ ಎಂದ ಪಾಲಕರಿದ್ದರೆ ಅದನ್ನು ಚೀಟಿಯ ಮೊದಲ ಸಾಲಿನಲ್ಲೇ ಬರೆಯಿರಿ. ಹೆಸರು ಕೊಟ್ಟರೆ ಎಡಿಟರ್‌ಗೆ ಪ್ರಯೋಜನವಿಲ್ಲ. ಫೈಲ್, ಸಮಯ, ‘ಬಲದಿಂದ ಮೂರನೆಯವಳು, ನೀಲಿ ಲಂಗ’ ಎಂಬ ಗುರುತು ಬೇಕು.

ಕಳಿಸುವುದು, ತಿದ್ದುವುದು

ಎರಡು ಪ್ರತಿ ಕೇಳಿ. ಪೆನ್‌ಡ್ರೈವ್‌ಗೆ ಪೂರ್ಣ ಗುಣಮಟ್ಟದ್ದೊಂದು, ಫೋನಿಗೆ 720ಪಿ ಅಳತೆಯದ್ದೊಂದು. 45 ನಿಮಿಷಕ್ಕೆ ಎರಡನೆಯದು ಸುಮಾರು 700 ಎಂಬಿ ಒಳಗೆ ಬರುವಂತೆ ಮಾಡಬಹುದು. ಘಟ್ಟದ ಸೆರಗಿನ ಊರುಗಳಲ್ಲಿ ನೆಟ್‌ವರ್ಕ್ ನಂಬಿ ಇಷ್ಟು ದೊಡ್ಡದನ್ನು ಒಮ್ಮೆಗೇ ಇಳಿಸಿಕೊಳ್ಳುವುದು ಕಷ್ಟ, ಮೂರು ತುಂಡಾಗಿ ಕೊಡಲು ಹೇಳಿ. ವಾಟ್ಸ್‌ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಮಸುಕಾಗುವುದಿಲ್ಲ, 2 ಜಿಬಿವರೆಗೆ ಹೋಗುತ್ತದೆ. ಯೂಟ್ಯೂಬ್‌ಗೆ ‘ಅನ್‌ಲಿಸ್ಟೆಡ್’ ಎಂದು ಹಾಕಿದರೂ ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು, ಸಿನಿಮಾ ಹಾಡಿದ್ದರೆ ಹಕ್ಕಿನ ತಕರಾರು ಬಂದು ದನಿ ನಿಲ್ಲಬಹುದು. ಮಕ್ಕಳ ವಿಡಿಯೊಗೆ ಈ ದಾರಿ ನನಗೆ ಒಪ್ಪಿಗೆಯಿಲ್ಲ.

ಮೊದಲ ಪ್ರತಿ ಬಂದ ಮೇಲೆ ಇನ್ನಿಬ್ಬರು ಶಿಕ್ಷಕರನ್ನು ಕೂರಿಸಿಕೊಂಡು, ಹಾಜರಿ ಪುಸ್ತಕ ತೆರೆದಿಟ್ಟು ನೋಡಿ. ಮುಖ ಕಂಡ ಮಗುವಿನ ಹೆಸರಿಗೆ ಪೆನ್ಸಿಲಿನಲ್ಲಿ ಗುರುತು ಹಾಕುತ್ತ ಹೋಗಿ. ಗುರುತು ಬೀಳದ ಹೆಸರು ಉಳಿದರೆ ಆ ಮಗು ಎದುರಿಗೆ ಬರುವ ಐದು ಸೆಕೆಂಡನ್ನು ಮೂಲ ಫೈಲಿನಲ್ಲಿ ಹುಡುಕಿ. ತಿದ್ದುಪಡಿಯ ಚೀಟಿಯಲ್ಲಿ ಎರಡು ಸಮಯ ಬೇಕಾಗುತ್ತದೆ: ಹೊಸ ವಿಡಿಯೊದಲ್ಲಿ ಎಲ್ಲಿ ಸೇರಿಸಬೇಕು, ಮೂಲದಲ್ಲಿ ಎಲ್ಲಿಂದ ತೆಗೆಯಬೇಕು. ಯಾವುದು ಯಾವುದರ ಸಮಯ ಎಂದು ಪ್ರತಿ ಸಾಲಿನಲ್ಲೂ ಬರೆಯಿರಿ. ಎಲ್ಲ ತಿದ್ದುಪಡಿಗಳನ್ನೂ ಕೂಡಿಸಿ ಒಂದೇ ಸಲ ಕಳಿಸಿ. ಅರ್ಧ ರಾತ್ರಿಗೆ ಒಂದೊಂದಾಗಿ ಧ್ವನಿ ಸಂದೇಶ ಕಳಿಸಿದರೆ ಅವನು ಪ್ರತಿ ಸಲವೂ ಇಡೀ ವಿಡಿಯೊವನ್ನು ಮತ್ತೆ ಹೊರತೆಗೆಯಬೇಕಾಗುತ್ತದೆ, ಅದಕ್ಕೇ ಗಂಟೆ ಹಿಡಿಯುತ್ತದೆ.