ನನ್ನ ಕೋಳಿಗೆ ನಡುಕ ಬಂದಾಗ: ಕ್ರಿಟಾದಲ್ಲಿ ಟ್ಯಾಬ್ಲೆಟ್ ಹೊಂದಿಸಿದ ಅನುಭವ

ಕ್ರಿಟಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ, ಅನಿಮೇಷನ್‌ಗಾಗಿ ಕಾಳು ಕುಕ್ಕುವ ಕೋಳಿಯೊಂದನ್ನು 12 ಚಿತ್ರಗಳಲ್ಲಿ ಬಿಡಿಸಿದ್ದೆ. ಒಂದೊಂದೇ ನೋಡಿದರೆ ಚೆನ್ನಾಗಿತ್ತು. ಓಡಿಸಿದ ಕೂಡಲೇ ಕೋಳಿಗೆ ಚಳಿಜ್ವರ ಬಂದ ಹಾಗಾಯಿತು. ಒಂದು ಚಿತ್ರದಲ್ಲಿ ಬೆನ್ನಿನ ಗೆರೆ ದಪ್ಪ, ಮುಂದಿನದರಲ್ಲಿ ತೆಳು.

ಮೊದಲು ಪೆನ್ನಿನಿಂದ ಚಿತ್ರ ಬಿಡಿಸುವ ಹಲಗೆಯನ್ನು, ಅಂದರೆ ಟ್ಯಾಬ್ಲೆಟ್ಟನ್ನೇ ಪರೀಕ್ಷಿಸಿದೆ. ಅದರ ಮೇಲೆ ಒಂದು ನಾಣ್ಯ ಇಟ್ಟು ಸುತ್ತ ಪೆನ್ ಓಡಿಸಿದೆ. ಪರದೆಯಲ್ಲಿ ಬಂದದ್ದು ಮೊಟ್ಟೆ! ನನ್ನ ಟ್ಯಾಬ್ಲೆಟ್ 6 ಇಂಚು ಅಗಲ, 4 ಇಂಚು ಎತ್ತರ. ಪರದೆ 1920×1080. ಅಂದರೆ ಅಡ್ಡಕ್ಕೆ ಇಂಚಿಗೆ 320 ಪಿಕ್ಸೆಲ್, ಉದ್ದಕ್ಕೆ 270. ಟ್ಯಾಬ್ಲೆಟ್‌ನ ಡ್ರೈವರ್‌ನಲ್ಲಿ ಬಳಸುವ ಜಾಗದ ಎತ್ತರವನ್ನು 3.375 ಇಂಚಿಗೆ ಇಳಿಸಿದೆ. ಕೆಳಗಿನ ಪಟ್ಟಿ ವ್ಯರ್ಥವಾಯಿತು, ಆದರೆ ನಾಣ್ಯ ದುಂಡಗಾಯಿತು.

ನಡುಕಕ್ಕೆ ಕಾರಣ ಮಾತ್ರ ಬ್ರಷ್. ನಾನು ಬಳಸಿದ Ink-3 Gpen ಬ್ರಷ್‌ನ ಗೆರೆ ಒತ್ತಿದಷ್ಟೂ ದಪ್ಪವಾಗುತ್ತದೆ. ಬಿಡಿ ಚಿತ್ರಕ್ಕೆ ಅದೇ ಚೆಂದ. 12 ಸಲವೂ ಒಂದೇ ಒತ್ತಡ ಕೊಡಲು ನನ್ನ ಕೈಯೇನು ಯಂತ್ರವಲ್ಲ. F5 ಒತ್ತಿ ಬ್ರಷ್ ಎಡಿಟರ್ ತೆರೆದೆ. Size ಅಡಿಯಲ್ಲಿ Pressure ವಕ್ರರೇಖೆಯ ಎಡತುದಿಯನ್ನು ಮುಕ್ಕಾಲು ಎತ್ತರಕ್ಕೆ ಎಳೆದೆ. ಈಗ ಹಗುರವಾಗಿ ಒತ್ತಿದರೂ ಗೆರೆ ತೀರಾ ತೆಳುವಾಗುವುದಿಲ್ಲ. ಇದನ್ನು ಹೊಸ ಹೆಸರಿನಲ್ಲಿ ಉಳಿಸಿಕೊಂಡೆ. ಇಲ್ಲದಿದ್ದರೆ ಬೇರೆ ಬ್ರಷ್‌ಗೆ ಹೋಗಿ ಬರುವಷ್ಟರಲ್ಲಿ ಹಳೆಯದೇ ಬಂದು ಕೂತಿರುತ್ತದೆ.

ಗೆರೆ ಸ್ಥಿರವಾಗಲು Tool Options ಒಳಗೆ Brush Smoothing ಇದೆ. ಉತ್ಸಾಹದಲ್ಲಿ ಎಲ್ಲ ಗೆರೆಗಳಿಗೂ ಅದರಲ್ಲಿರುವ Stabilizer ಆಯ್ಕೆ ಹಾಕಿದೆ. ಬೆನ್ನಿನ ಉದ್ದ ಗೆರೆ ಎಣ್ಣೆ ಹಚ್ಚಿದಂತೆ ನುಣುಪಾಗಿ ಬಂತು. ಕೊಕ್ಕಿನ ಮೊನೆ ಮಾತ್ರ ಮೊಂಡಾಯಿತು, ಏಕೆಂದರೆ ಗೆರೆ ಪೆನ್ನಿನ ಹಿಂದೆ ಹಿಂದೆಯೇ ಬರುತ್ತದೆ, ತಿರುವಿನಲ್ಲಿ ಮೂಲೆ ಕತ್ತರಿಸುತ್ತದೆ. ಹಾಗಾಗಿ ಬೆನ್ನು, ಹೊಟ್ಟೆಗೆ Stabilizer, ಕೊಕ್ಕು, ಕಾಲುಗಳಿಗೆ Basic ಎಂದು ಹಂಚಿಕೊಂಡೆ. Finish line ಗುರುತು ಹಾಕುವುದನ್ನು ಮರೆಯಬೇಡಿ. ನಾನು ಹಾಕಿರಲಿಲ್ಲ. ಪೆನ್ ಎತ್ತಿದಲ್ಲಿಗೆ ಗೆರೆ ತಲುಪದೆ ಕುತ್ತಿಗೆಯ ಹತ್ತಿರ ಕೂದಲಿನಷ್ಟು ಸಂದು ಉಳಿದಿತ್ತು. ಬಣ್ಣ ತುಂಬಿದಾಗ ಇಡೀ ಪರದೆ ಕೆಂಪಾದಾಗಲೇ ಅದು ಗೊತ್ತಾಗಿದ್ದು. ಝೂಮ್ ಕೂಡ ಎಲ್ಲ ಚಿತ್ರಕ್ಕೂ ಒಂದೇ ಇಟ್ಟುಕೊಂಡೆ. ಝೂಮ್ ಬದಲಾದರೆ ಕೈಯ ಓಟವೂ ಬದಲಾಗುತ್ತದೆ.

ಕ್ಯಾನ್ವಾಸ್ ಮೊದಲು 3840×2160, 16 ಬಿಟ್ ಇಟ್ಟಿದ್ದೆ. ಒಂದು ಪೂರ್ತಿ ಚಿತ್ರಕ್ಕೆ ಸುಮಾರು 66 ಎಂಬಿ ಮೆಮೊರಿ. ಕಂಪ್ಯೂಟರ್ ಏದುಸಿರು ಬಿಟ್ಟಿತು. 1920×1080, 8 ಬಿಟ್‌ಗೆ ಇಳಿಸಿದ ಮೇಲೆ ಅದೇ ಚಿತ್ರಕ್ಕೆ 8 ಎಂಬಿ ಸಾಕಾಯಿತು. ವೇಗ ಸೆಕೆಂಡಿಗೆ 24 ಫ್ರೇಮ್, ಒಂದೊಂದು ಚಿತ್ರ ಎರಡೆರಡು ಫ್ರೇಮ್ ನಿಲ್ಲುತ್ತದೆ. ಬಿಳಿ ಹಿನ್ನೆಲೆಗೆ ಬೇರೆ ಪದರ ಮಾಡಿದೆ. ಹಿಂದಿನ ಚಿತ್ರವನ್ನು ಮಸುಕಾಗಿ ತೋರಿಸುವ ಆನಿಯನ್ ಸ್ಕಿನ್ ಎಂಬ ಸೌಲಭ್ಯವಿದೆ; ಗೆರೆಯ ಪದರದಲ್ಲೇ ಬಿಳಿ ಬಳಿದರೆ ಅದರಲ್ಲಿ ಹಿಂದಿನ ಚಿತ್ರ ಕಾಣುವುದೇ ಇಲ್ಲ.

12 ಚಿತ್ರಗಳನ್ನೂ ಮತ್ತೆ ಬಿಡಿಸಿದೆ. ಬಾಲ ಇನ್ನೂ ಸ್ವಲ್ಪ ನಡುಗುತ್ತದೆ. ಕೋಳಿ ಬಾಲ ಅಲ್ವಾ, ಹಾಗೇ ಬಿಟ್ಟಿದ್ದೇನೆ.