ಹತ್ತು ಮನೆಯ ಪಟ್ಟಿ, ಒಂದು ತರಕಾರಿ ಬಿಲ್: ದಶಮಾಂಶ, ಶೇಕಡಾ ಕಲಿಸುವುದು ಹೀಗೆ

ಆರನೇ ಕ್ಲಾಸಿನ ಮಕ್ಕಳಿಗೆ ಕ್ಯಾಲ್ಕುಲೇಟರ್ ಕೊಟ್ಟು, 32 ಅನ್ನು 0.85ರಿಂದ ಗುಣಿಸಲು ಹೇಳಿ. ಉತ್ತರ 27.2 ಅಂತ ಬರುತ್ತದೆ. "ಇದು ದುಡ್ಡಾದರೆ ಎಷ್ಟಾಯಿತು?" ಅಂತ ಕೇಳಿ. "ಇಪ್ಪತ್ತೇಳು ರೂಪಾಯಿ ಎರಡು ಪೈಸೆ" ಎನ್ನುವವರು ಖಂಡಿತ ಸಿಗುತ್ತಾರೆ. ಅವರು ಗುಣಾಕಾರದಲ್ಲಿ ತಪ್ಪಿಲ್ಲ, ಓದುವುದರಲ್ಲಿ ತಪ್ಪಿದ್ದಾರೆ.

ಚುಕ್ಕೆಯ ಎಡಕ್ಕೆ ರೂಪಾಯಿ, ಬಲಕ್ಕೆ ಪೈಸೆ ಅಂತ ಹೇಳಿಕೊಟ್ಟು ಮುಂದಕ್ಕೆ ಹೋದರೆ ಆಗುವುದೇ ಇದು. ಮಗುವಿನ ಕಣ್ಣಿಗೆ ಅಲ್ಲಿ ಒಂದು ಸಂಖ್ಯೆ ಕಾಣುವುದಿಲ್ಲ. ಎರಡು ಪೂರ್ಣ ಸಂಖ್ಯೆಗಳು, ಮಧ್ಯೆ ಒಂದು ಚುಕ್ಕೆ, ಅಷ್ಟೇ. ದುಡ್ಡು ದಶಮಾಂಶಕ್ಕೆ ಒಳ್ಳೆಯ ಬಾಗಿಲು, ಅನುಮಾನವಿಲ್ಲ. ಆದರೆ ಇಂದಿನ ಮಕ್ಕಳು ಪೈಸೆಯನ್ನು ಕೈಯಲ್ಲಿ ಹಿಡಿದಿಲ್ಲ ಎನ್ನುವುದನ್ನು ನಾವು ಮರೆಯಬಾರದು. 25 ಪೈಸೆ ಮತ್ತು ಅದಕ್ಕಿಂತ ಕಡಿಮೆಯ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೇ ನಿಂತುಹೋಯಿತು. ಹತ್ತು ಪೈಸೆ ಹತ್ತು ಸೇರಿದರೆ ಒಂದು ರೂಪಾಯಿ ಎನ್ನುವುದು ನಮಗೆ ಪೆಪ್ಪರಮಿಂಟು ಕೊಂಡು ಗೊತ್ತಾದದ್ದು. ಅವರಿಗೆ ಅದನ್ನು ತೋರಿಸಿಯೇ ಕೊಡಬೇಕು.

ಮೊದಲು ಪಟ್ಟಿ ಮಾಡಿಸಿ

ಪ್ರತಿ ಮಗುವೂ ರಟ್ಟಿನಲ್ಲಿ 20 ಸೆಂ.ಮೀ. ಉದ್ದದ ಒಂದು ಪಟ್ಟಿ ಕತ್ತರಿಸಿಕೊಳ್ಳಲಿ. ಎರಡೆರಡು ಸೆಂ.ಮೀ.ಗೆ ಗೆರೆ ಎಳೆದರೆ ಹತ್ತು ಮನೆ. ಪ್ರತಿ ಮನೆಯೊಳಗೂ ಎರಡೆರಡು ಮಿ.ಮೀ.ಗೆ ಒಂದು ಸಣ್ಣ ಗೆರೆ. ಆಗ ಒಂದು ಮನೆಯಲ್ಲಿ ಹತ್ತು ಚಿಕ್ಕ ಭಾಗ, ಇಡೀ ಪಟ್ಟಿಯಲ್ಲಿ ನೂರು. ಗೆರೆ ಎಳೆಯಲು ಒಂದು ಪಿರಿಯಡ್ ಪೂರ್ತಿ ಹೋದರೂ ಹೋಗಲಿ. ಶೇಕಡಾ ಪಾಠದವರೆಗೂ ಇದೇ ಪಟ್ಟಿ ಸಾಕು.

ಈಗ ಇಡೀ ಪಟ್ಟಿ ಒಂದು ರೂಪಾಯಿ ಅಂತ ಇಟ್ಟುಕೊಳ್ಳೋಣ. ಒಂದು ಮನೆ ಹತ್ತು ಪೈಸೆ, ಒಂದು ಚಿಕ್ಕ ಭಾಗ ಒಂದು ಪೈಸೆ. ಚುಕ್ಕೆ ಆದ ಮೇಲಿನ ಮೊದಲ ಅಂಕಿ ಎಷ್ಟು ಮನೆ ಅಂತ ಹೇಳುತ್ತದೆ, ಎರಡನೆಯದು ಎಷ್ಟು ಚಿಕ್ಕ ಭಾಗ ಅಂತ ಹೇಳುತ್ತದೆ. 0.2 ಬಣ್ಣ ಹಚ್ಚಿ ಎಂದರೆ ಎರಡು ಮನೆ ತುಂಬಬೇಕು, ಅಂದರೆ ಇಪ್ಪತ್ತು ಪೈಸೆ. 0.02 ಅಂದರೆ ಎರಡೇ ಚಿಕ್ಕ ಭಾಗ. 27.2 ಮತ್ತು 27.20 ಒಂದೇ ಯಾಕೆ ಎನ್ನುವುದಕ್ಕೆ ಬೇರೆ ವಿವರಣೆ ಬೇಡ. ಎರಡು ಮನೆ ತುಂಬಿದ ಮೇಲೆ ಚಿಕ್ಕ ಭಾಗ ಒಂದೂ ಇಲ್ಲ, ಅದನ್ನೇ ಆ ಸೊನ್ನೆ ಹೇಳುತ್ತಿದೆ. ದಶಾಂಶ, ಶತಾಂಶ ಎನ್ನುವ ಪುಸ್ತಕದ ಹೆಸರುಗಳನ್ನು ಇದಾದ ಮೇಲೆ ಹೇಳಿ.

ಅಜ್ಜ ಅಜ್ಜಿ ಇರುವ ಮನೆಯ ಮಕ್ಕಳು ನಾಲ್ಕಾಣೆ, ಎಂಟಾಣೆ ಎನ್ನುವ ಮಾತು ಕೇಳಿರುತ್ತಾರೆ. ಹಿಂದೆ ರೂಪಾಯಿಗೆ ಹದಿನಾರಾಣೆ ಇತ್ತು, 1957ರ ಏಪ್ರಿಲ್ 1ರಿಂದ ನೂರು ಪೈಸೆ ಆಯಿತು ಎಂದು ಹೇಳಿ, ನಾಲ್ಕಾಣೆಯನ್ನು ಪಟ್ಟಿಯ ಮೇಲೆ ತೋರಿಸಲು ಬಿಡಿ. ಎರಡೂವರೆ ಮನೆ, ಅಂದರೆ 0.25 ಅಂತ ಅವರೇ ಕಂಡುಕೊಳ್ಳುತ್ತಾರೆ.

ತರಕಾರಿ ಬಿಲ್ ಓದುವುದು

ದುಡ್ಡಿಗೊಂದು ಮಿತಿ ಇದೆ. ಚುಕ್ಕೆ ಆದ ಮೇಲೆ ಎರಡೇ ಅಂಕಿ, ಅಲ್ಲಿಗೆ ನಿಂತುಹೋಗುತ್ತದೆ. ಎಲ್ಲ ಬೆಲೆಯಲ್ಲೂ ಎರಡೆರಡೇ ಅಂಕಿ ಇರುವುದರಿಂದ, ಚುಕ್ಕೆಯನ್ನು ಮರೆತು ಹೋಲಿಸಿದರೂ ಉತ್ತರ ಸರಿಯಾಗಿಯೇ ಬರುತ್ತದೆ. ತಪ್ಪು ತಿಳಿವಳಿಕೆ ಒಳಗೇ ಉಳಿದುಬಿಡುತ್ತದೆ. ಅದನ್ನು ಹೊರಗೆ ತರಲು ತೂಕ ಬೇಕು. ಸೂಪರ್‌ ಮಾರ್ಕೆಟ್ಟಿನ ತರಕಾರಿ ಬಿಲ್ಲಿನಲ್ಲಿ ತೂಕ ಮೂರು ಅಂಕಿಯಲ್ಲಿ ಇರುತ್ತದೆ. ಸಿಕ್ಕರೆ ಅದನ್ನೇ ತರಿಸಿ. ಇಲ್ಲದಿದ್ದರೆ ಬೋರ್ಡಿನ ಮೇಲೆ ಹೀಗೆ ಬರೆಯಿರಿ:

ಟೊಮೆಟೊ: 0.850 ಕೆಜಿ × 32.00 = 27.20
ಆಲೂಗಡ್ಡೆ: 1.250 ಕೆಜಿ × 36.00 = 45.00
ಈರುಳ್ಳಿ: 1.500 ಕೆಜಿ × 28.00 = 42.00
ಬೀನ್ಸ್: 0.245 ಕೆಜಿ × 80.00 = 19.60
ಒಟ್ಟು: 133.80
ರೌಂಡ್ ಆಫ್: 0.20
ಕೊಡಬೇಕಾದದ್ದು: 134.00

ಮೊದಲ ಪ್ರಶ್ನೆ ಬೀನ್ಸಿನ ಬಗ್ಗೆ. "ಅಮ್ಮ ಚೀಟಿಯಲ್ಲಿ 0.5 ಕೆಜಿ ಅಂತ ಬರೆದಿದ್ದರು. ಅಂಗಡಿಯವನು 0.245 ಕೊಟ್ಟಿದ್ದಾನೆ. ಜಾಸ್ತಿ ಕೊಟ್ಟನೋ, ಕಡಿಮೆ ಕೊಟ್ಟನೋ?" 245 ದೊಡ್ಡದು, 5 ಚಿಕ್ಕದು, ಹಾಗಾಗಿ ಜಾಸ್ತಿ ಕೊಟ್ಟಿದ್ದಾನೆ ಎನ್ನುವ ಮಗು ಸಿಕ್ಕರೆ, ಪ್ರಶ್ನೆ ತನ್ನ ಕೆಲಸ ಮಾಡಿತು. ಬೈಯಬೇಡಿ, ಪಟ್ಟಿ ತೆಗೆಸಿ. ಈಗ ಇಡೀ ಪಟ್ಟಿ ಒಂದು ಕೆಜಿ, ಒಂದು ಮನೆ 100 ಗ್ರಾಂ, ಒಂದು ಚಿಕ್ಕ ಭಾಗ 10 ಗ್ರಾಂ. 0.5 ಅಂದರೆ ಐದು ಮನೆ. 0.245 ಅಂದರೆ ಎರಡು ಮನೆ, ನಾಲ್ಕು ಚಿಕ್ಕ ಭಾಗ, ಮತ್ತೆ ಅರ್ಧ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಜಗಳವೇ ಇಲ್ಲ. ಆಲೂಗಡ್ಡೆ ಒಂದೂಕಾಲು ಕೆಜಿ, ಈರುಳ್ಳಿ ಒಂದೂವರೆ ಕೆಜಿ ಅಂತ ಮನೆಮಾತಿನಲ್ಲೂ ಓದಿಸಿ. ಕಾಲು, ಅರ್ಧ, ಮುಕ್ಕಾಲು ಎಲ್ಲ ಅವರ ಬಾಯಲ್ಲಿ ಮೊದಲೇ ಇವೆ. ಅದನ್ನು 0.250, 0.500, 0.750ಕ್ಕೆ ಜೋಡಿಸಿದರೆ ಸಾಕು.

ಎರಡನೇ ಪ್ರಶ್ನೆ ಟೊಮೆಟೊ ಬಗ್ಗೆ, ಲೆಕ್ಕ ಮಾಡುವ ಮೊದಲೇ ಕೇಳಬೇಕಾದದ್ದು. "ಬೆಲೆ 32ಕ್ಕಿಂತ ಜಾಸ್ತಿ ಬರುತ್ತದೋ, ಕಡಿಮೆಯೋ?" ಗುಣಿಸಿದರೆ ಸಂಖ್ಯೆ ದೊಡ್ಡದಾಗಲೇಬೇಕು ಅಂತ ಮಕ್ಕಳು ಇಷ್ಟು ವರ್ಷ ನಂಬಿಕೊಂಡು ಬಂದಿರುತ್ತಾರೆ. ಒಂದು ಕೆಜಿಗೆ 32 ಆದರೆ, ಒಂದು ಕೆಜಿಯೂ ತುಂಬದ ಟೊಮೆಟೊಗೆ 32 ಯಾಕೆ ಕೊಡಬೇಕು? ಈ ಅಂದಾಜು ಮೊದಲೇ ಇದ್ದರೆ, ಚುಕ್ಕೆ ತಪ್ಪಿ 272 ಅಂತ ಬಂದಾಗ ಮಗುವೇ ನಿಂತು ನೋಡುತ್ತದೆ. ಬಲಗಡೆಯಿಂದ ಎಷ್ಟು ಅಂಕಿ ಬಿಟ್ಟು ಚುಕ್ಕೆ ಇಡಬೇಕು ಎನ್ನುವ ನಿಯಮವನ್ನು ನಾನಂತೂ ಈ ಅಂದಾಜು ಗಟ್ಟಿಯಾಗುವವರೆಗೆ ಹೇಳುವುದಿಲ್ಲ.

ಒಟ್ಟು ಕೂಡಿಸುವಾಗ ಬಿಲ್ಲಿನ ಚುಕ್ಕೆಗಳು ಒಂದರ ಕೆಳಗೊಂದು ನಿಂತಿರುವುದನ್ನು ತೋರಿಸಿ. ಆಮೇಲೆ 12.5ಕ್ಕೆ 3.75 ಕೂಡಿಸಲು ಕೊಡಿ. ಕೊನೆಯ ಅಂಕಿಗಳನ್ನು ಜೋಡಿಸಿ ಕೂಡಿಸಿದವರಿಗೆ ಬಿಲ್ಲನ್ನು ಮತ್ತೆ ತೋರಿಸಿದರೆ ಆಯಿತು.

ಒಂದು ಮಾತು. ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದಲ್ಲ, ಅಲ್ಲಿ ಕಟ್ಟು ಹತ್ತು ರೂಪಾಯಿ, ಗುಡ್ಡೆ ಇಪ್ಪತ್ತು ರೂಪಾಯಿ ಅಂತ ವ್ಯಾಪಾರ ಮುಗಿದುಹೋಗುತ್ತದೆ. ದಶಮಾಂಶ ಬರುವುದೇ ಇಲ್ಲ. ಒಂದು ತಕ್ಕಡಿ ಇಟ್ಟು, ತೂಗಿ, ಮೇಲಿನ ಹಾಗೆ ಬಿಲ್ ಬರೆದು ಕೊಡಬೇಕು ಅಂತ ನಿಯಮ ಮಾಡಿ. ಆಗ ಸಂತೆ ಗಣಿತದ ಪಾಠವೂ ಆಗುತ್ತದೆ.

ಅದೇ ಪಟ್ಟಿಯಿಂದ ಶೇಕಡಾ

ಏಳನೇ ಕ್ಲಾಸಿಗೆ ಬಂದಾಗ ಪಟ್ಟಿ ಹಾಗೇ ಇರಲಿ. ಇಡೀ ಪಟ್ಟಿ ಶೇಕಡಾ 100, ಒಂದು ಮನೆ ಶೇಕಡಾ 10, ಚಿಕ್ಕ ಭಾಗ ಶೇಕಡಾ 1. ಪಟ್ಟಿಯ ಮೇಲ್ಗಡೆ ಶೇಕಡಾ ಬರೆಯಬೇಕು, ಕೆಳಗಡೆ ರೂಪಾಯಿ ಬರೆಯಬೇಕು. 800 ರೂಪಾಯಿಯ ಅಂಗಿ ಅಂದರೆ ಒಂದು ಮನೆಗೆ 80 ರೂಪಾಯಿ. ಶೇ 20 ರಿಯಾಯಿತಿ ಅಂದರೆ ಎರಡು ಮನೆ ಹೋಯಿತು, 160 ರೂಪಾಯಿ. ಉಳಿದದ್ದು ಎಂಟು ಮನೆ, 640. ಸೂತ್ರ ಬೇಕಾಗಲೇ ಇಲ್ಲ.

ಹಬ್ಬದ ಸಮಯದಲ್ಲಿ ಬಟ್ಟೆ ಅಂಗಡಿಯವರು "ಶೇ 50 + ಶೇ 20 ರಿಯಾಯಿತಿ" ಅಂತ ಬೋರ್ಡ್ ಹಾಕುತ್ತಾರೆ. ಶೇ 70 ಹೋಯಿತು ಅಂತ ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಅಂದುಕೊಳ್ಳುತ್ತಾರೆ. ಪಟ್ಟಿಯಲ್ಲಿ ಐದು ಮನೆ ಹೊಡೆದುಹಾಕಿಸಿ. ಉಳಿದದ್ದು ಐದು ಮನೆ, 400 ರೂಪಾಯಿ. ಈಗ ಕೇಳಿ: "ಶೇ 20 ಯಾವುದರಲ್ಲಿ?" ಉಳಿದ ಐದು ಮನೆಯಲ್ಲಿ. ಅದು ಒಂದೇ ಒಂದು ಮನೆ, ಎರಡಲ್ಲ. ಹೋದದ್ದು ಆರು ಮನೆ, ಕೊಡಬೇಕಾದದ್ದು 320. ಅಂದರೆ ಒಟ್ಟು ರಿಯಾಯಿತಿ ಶೇ 60.

"ಯಾವುದರಲ್ಲಿ?" ಎನ್ನುವ ಈ ಪ್ರಶ್ನೆಯನ್ನು ಪ್ರತಿ ಲೆಕ್ಕದಲ್ಲೂ ಕೇಳಿಸಿ. ಶೇಕಡಾ ಲೆಕ್ಕ ತಪ್ಪುವುದು ಬಹುಪಾಲು ಇಲ್ಲೇ. ಪರೀಕ್ಷಿಸಲು ಒಂದು ಲೆಕ್ಕ: ಶೇ 20 ರಿಯಾಯಿತಿ ಕಳೆದು ಅಂಗಿಗೆ 640 ಕೊಟ್ಟೆ, ಮೂಲ ಬೆಲೆ ಎಷ್ಟು? 640ರ ಶೇ 20 ತೆಗೆದು ಕೂಡಿಸಿದವರಿಗೆ 768 ಬರುತ್ತದೆ. ಪಟ್ಟಿ ಹಿಡಿದವರು 640 ಅಂದರೆ ಎಂಟು ಮನೆ, ಒಂದು ಮನೆ 80, ಹತ್ತು ಮನೆ 800 ಎನ್ನುತ್ತಾರೆ.

ಹೋಟೆಲ್ ಬಿಲ್: ಶೇಕಡಾದೊಳಗೆ ದಶಮಾಂಶ

ಹೋಟೆಲ್ ಬಿಲ್ಲಿನ ಕೆಳಗೆ ಸಿಜಿಎಸ್‌ಟಿ ಶೇ 2.5, ಎಸ್‌ಜಿಎಸ್‌ಟಿ ಶೇ 2.5 ಅಂತ ಇರುತ್ತದೆ. ಕೇಂದ್ರಕ್ಕೊಂದು ಪಾಲು, ರಾಜ್ಯಕ್ಕೊಂದು ಪಾಲು. ತಿಂಡಿ 340 ರೂಪಾಯಿ ಆಗಿದೆ ಅನ್ನಿ. ಇಡೀ ಪಟ್ಟಿ 340, ಒಂದು ಮನೆ 34, ಚಿಕ್ಕ ಭಾಗ 3.40. ಎರಡೂವರೆ ಚಿಕ್ಕ ಭಾಗ ಅಂದರೆ 8.50. ಎರಡೂ ಸೇರಿ 17, ಒಟ್ಟು ಬಿಲ್ 357.

ಶೇ 2.5 ಅನ್ನು ದಶಮಾಂಶದಲ್ಲಿ ಬರೆಯಿರಿ ಅಂದಾಗ 0.25 ಬರೆಯುವುದು ಇಲ್ಲಿನ ಮಾಮೂಲಿ ತಪ್ಪು. 0.25 ಅಂದರೆ ಎರಡೂವರೆ ಮನೆ, ತೆರಿಗೆ 85 ರೂಪಾಯಿ ಆಗುತ್ತದೆ. 340ರ ತಿಂಡಿಗೆ ಅಷ್ಟು ತೆರಿಗೆಯಾ? ಹಾಗಂತ ಕೇಳಿದರೆ ಮಗು ತಾನೇ 0.025ಕ್ಕೆ ಬರುತ್ತದೆ. ಇನ್ನೊಂದು ಎಚ್ಚರ: ಬಿಸ್ಕತ್ತು, ಸೋಪಿನ ಮೇಲಿನ ಎಂಆರ್‌ಪಿಯಲ್ಲಿ ತೆರಿಗೆ ಸೇರಿಯೇ ಇರುತ್ತದೆ. ಅದರ ಮೇಲೆ ಮತ್ತೆ ಜಿಎಸ್‌ಟಿ ಹಾಕುವ ಲೆಕ್ಕ ಕೊಡಬೇಡಿ.

ಕೊನೆಗೆ, ಪಟ್ಟಿ ಕೈಕೊಡುವ ಒಂದು ಲೆಕ್ಕವನ್ನೂ ಕೊಡಿ. ಎರಡು ಅಂಗಿ ಕೊಂಡರೆ ಒಂದು ಉಚಿತ, ಒಂದಕ್ಕೆ 500. ಮೂರರ ಬೆಲೆ 1,500, ಉಳಿತಾಯ 500. ರಿಯಾಯಿತಿ ಶೇಕಡಾ ಎಷ್ಟು? ಹತ್ತು ಮನೆಯನ್ನು ಮೂರು ಅಂಗಿಗೆ ಹಂಚಿದರೆ ತಲಾ ಮೂರು, ಒಂದು ಮನೆ ಉಳಿಯುತ್ತದೆ. ಅದರ ಹತ್ತು ಚಿಕ್ಕ ಭಾಗ ಹಂಚಿದರೂ ತಲಾ ಮೂರು, ಮತ್ತೆ ಒಂದು ಉಳಿಯುತ್ತದೆ. ಎಷ್ಟು ಸಣ್ಣದಾಗಿ ಕತ್ತರಿಸಿದರೂ ಒಂದು ಉಳಿದೇ ಉಳಿಯುತ್ತದೆ. ಹಾಗಾಗಿ ಶೇ 33.33 ಅಂತ ಬರೆದು ನಿಲ್ಲಿಸುತ್ತೇವೆ. ಈಗ 1,500ರ ಶೇ 33.33 ತೆಗೆಯಲಿ. 499.95 ಬರುತ್ತದೆ. ಐದು ಪೈಸೆ ಕಮ್ಮಿ. ಅದು ಎಲ್ಲಿ ಹೋಯಿತು ಅಂತ ಮಕ್ಕಳೇ ಹುಡುಕಲಿ.